ಸೇರಿದವರು ಬಂದದ್ದು ಯಾವ ದಾರಿಯಿಂದ?

ಧಾರವಾಡದಿಂದ ಆನ್‌ಲೈನ್‌ನಲ್ಲಿ ಹಿಂದೂಸ್ತಾನಿ ಗಾಯನ ಕಲಿಸುವ ಶಿಕ್ಷಕಿಯೊಬ್ಬರಿದ್ದಾರೆ ಎಂದುಕೊಳ್ಳಿ. ಭೂಪ್ ರಾಗ ಹಾಡಿ ತೋರಿಸುವ ನಲವತ್ತು ಸೆಕೆಂಡಿನ ಒಂದೇ ವಿಡಿಯೊವನ್ನು ಅವರು ಯೂಟ್ಯೂಬ್ ಶಾರ್ಟ್ಸ್, ಇನ್‌ಸ್ಟಾಗ್ರಾಂ ರೀಲ್ಸ್, ಫೇಸ್‌ಬುಕ್, ವಾಟ್ಸಾಪ್ ಸ್ಟೇಟಸ್ ಎಲ್ಲದರಲ್ಲೂ ಹಾಕುತ್ತಾರೆ. ತಿಂಗಳೊಳಗೆ 120 ಮಂದಿ ತರಗತಿಗೆ ಹೆಸರು ನೋಂದಾಯಿಸುತ್ತಾರೆ. ನಾಲ್ಕು ಕಡೆಯೂ ಕಾಮೆಂಟಿಗೆ ಉತ್ತರಿಸುತ್ತ ಕೂರಲು ಅವರಿಗೆ ಪುರುಸೊತ್ತಿಲ್ಲ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು?

ಎಲ್ಲರೂ ಮೊದಲು ಮಾಡುವ ಕೆಲಸ, ಪ್ರತಿ ತಾಣಕ್ಕೂ ಬೇರೆ ಬೇರೆ ಗುರುತಿರುವ ಲಿಂಕ್ ಕೊಡುವುದು. ಇನ್‌ಸ್ಟಾಗ್ರಾಂ ಪ್ರೊಫೈಲಿನಲ್ಲಿ ಹಾಕುವ ಲಿಂಕ್ ಹೀಗಿರುತ್ತದೆ:

```
https://example.com/join?utm_source=instagram&utm_campaign=bhoop
```

ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗದಿಂದ ಪುಟದಲ್ಲಿ ಏನೂ ಬದಲಾಗುವುದಿಲ್ಲ. ಗೂಗಲ್ ಅನಲಿಟಿಕ್ಸ್‌ನಂಥ ಲೆಕ್ಕದ ಸಾಧನ ಮಾತ್ರ ಅದನ್ನು ಓದಿ ಬರೆದಿಟ್ಟುಕೊಳ್ಳುತ್ತದೆ. ಒಂದು ಕಡೆ Instagram, ಇನ್ನೊಂದು ಕಡೆ instagram ಎಂದು ಬರೆದರೆ ಅದು ಎರಡು ಬೇರೆ ಮೂಲಗಳೆಂದೇ ಎಣಿಸುತ್ತದೆ. ಆದ್ದರಿಂದ ಎಲ್ಲವನ್ನೂ ಚಿಕ್ಕಕ್ಷರದಲ್ಲಿಡುವುದು ವಾಸಿ.

ತಿಂಗಳ ಕೊನೆಗೆ ಲೆಕ್ಕ ಹೀಗೆ ಬಂತೆನ್ನಿ: ಇನ್‌ಸ್ಟಾಗ್ರಾಂ 31, ವಾಟ್ಸಾಪ್ 22, ಯೂಟ್ಯೂಬ್ 14, ಫೇಸ್‌ಬುಕ್ 9. ಉಳಿದ 44 ಮಂದಿಗೆ ಗುರುತೇ ಇಲ್ಲ. ಅವರು ನೇರವಾಗಿ ಬಂದರು ಅಥವಾ ಗೂಗಲ್‌ನಲ್ಲಿ ಹುಡುಕಿ ಬಂದರು ಎಂದಷ್ಟೇ ದಾಖಲೆ ಹೇಳುತ್ತದೆ. ಇದನ್ನು ನೋಡಿದ ಯಾರಾದರೂ ಯೂಟ್ಯೂಬ್ ಬಿಡಿ, ಇನ್‌ಸ್ಟಾಗ್ರಾಂ ಹಿಡಿಯಿರಿ ಎಂದಾರು.

ಆದರೆ ಈ ಗುರುತು ಎಣಿಸುವುದು ಲಿಂಕ್ ಒತ್ತಿದವರನ್ನು. ವಿಡಿಯೊ ನೋಡಿ ಮನಸ್ಸು ಮಾಡಿದವರನ್ನಲ್ಲ. 2023ರ ಆಗಸ್ಟ್ 31ರಿಂದ ಶಾರ್ಟ್ಸ್‌ನ ವಿವರಣೆಯಲ್ಲಿ, ಕಾಮೆಂಟಿನಲ್ಲಿ ಹಾಕಿದ ಲಿಂಕನ್ನು ಒತ್ತಲು ಬರುವುದಿಲ್ಲ. ವಂಚಕರ ಹಾವಳಿ ತಡೆಯಲೆಂದು ಯೂಟ್ಯೂಬ್ ಮಾಡಿದ ಬದಲಾವಣೆ ಅದು. ಹಾಗಾಗಿ ಅಲ್ಲಿ ವಿಡಿಯೊ ನೋಡಿದವರು ಚಾನೆಲ್ ಪುಟಕ್ಕೆ ಹೋಗಿ ಲಿಂಕ್ ಹುಡುಕಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಶಿಕ್ಷಕಿಯ ಹೆಸರು ನೆನಪಿಟ್ಟುಕೊಂಡು ಸಂಜೆ ಗೂಗಲ್‌ನಲ್ಲಿ ಹುಡುಕುತ್ತಾರೆ. ಲೆಕ್ಕದಲ್ಲಿ ಯೂಟ್ಯೂಬಿನ ಹೆಸರೇ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಇನ್ನೊಂದು ತೊಡಕು. ವಿಡಿಯೊವನ್ನೇ ಡೌನ್‌ಲೋಡ್ ಮಾಡಿ ಫಾರ್ವರ್ಡ್ ಮಾಡಿದರೆ ಅದರ ಜೊತೆ ಲಿಂಕ್ ಹೋಗುವುದಿಲ್ಲ. ಇನ್‌ಸ್ಟಾಗ್ರಾಂ ಗುರುತಿನ ಲಿಂಕನ್ನು ಯಾರೋ ಕಾಪಿ ಮಾಡಿ ಕುಟುಂಬದ ಗ್ರೂಪಿಗೆ ಹಾಕಿದರೆ, ಅಲ್ಲಿಂದ ಬಂದ ಅತ್ತೆ, ಚಿಕ್ಕಮ್ಮ ಎಲ್ಲರೂ ಇನ್‌ಸ್ಟಾಗ್ರಾಂ ಖಾತೆಗೆ ಜಮೆಯಾಗುತ್ತಾರೆ.

ಇದಕ್ಕೆ ನನಗೆ ಹೆಚ್ಚು ನಂಬಿಕೆ ಬರುವ ಉಪಾಯ ಬಹಳ ಹಳೆಯದು: ಬಂದವರನ್ನೇ ಕೇಳುವುದು. ನೋಂದಣಿ ಫಾರಂನಲ್ಲಿ ‘ನಮ್ಮ ವಿಡಿಯೊ ಮೊದಲು ಎಲ್ಲಿ ನೋಡಿದಿರಿ?’ ಎಂಬ ಒಂದು ಪ್ರಶ್ನೆ, ಜೊತೆಗೆ ‘ನೆನಪಿಲ್ಲ’ ಎನ್ನಲು ಅವಕಾಶ. ನಮ್ಮ ಶಿಕ್ಷಕಿಯ ಗುರುತಿಲ್ಲದ 44 ಮಂದಿಯಲ್ಲಿ 29 ಮಂದಿ ಯೂಟ್ಯೂಬ್ ಎಂದರು, 6 ಮಂದಿ ವಾಟ್ಸಾಪ್, 4 ಮಂದಿ ಇನ್‌ಸ್ಟಾಗ್ರಾಂ, ಉಳಿದ 5 ಮಂದಿಗೆ ನೆನಪಿಲ್ಲ ಎಂದಿಟ್ಟುಕೊಳ್ಳಿ. ಈಗ 14ರಲ್ಲಿದ್ದ ಯೂಟ್ಯೂಬ್ 43ಕ್ಕೆ ಏರಿತು, ಇನ್‌ಸ್ಟಾಗ್ರಾಂ 35ಕ್ಕೆ ನಿಂತಿತು. ಮೊದಲ ತೀರ್ಮಾನ ತಲೆಕೆಳಗಾಯಿತು. ಜನರ ನೆನಪೂ ಪಕ್ಕಾ ಅಲ್ಲ; ಎರಡು ಕಡೆ ನೋಡಿದವರು ದಿನಾ ತೆರೆಯುವ ಆ್ಯಪ್‌ನ ಹೆಸರನ್ನೇ ಹೇಳಿಬಿಡುವುದುಂಟು. ಆದರೆ ಲಿಂಕಿನ ತಪ್ಪು, ನೆನಪಿನ ತಪ್ಪು ಎರಡೂ ಬೇರೆ ಜಾತಿಯವು. ಅದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಗುರುತಿಲ್ಲದವರ ಪಾಲು ಅರ್ಧಕ್ಕಿಂತ ಹೆಚ್ಚಿದ್ದರೆ ಮೊದಲು ಸ್ವಂತ ಪುಟವನ್ನೇ ಅನುಮಾನಿಸಿ. ಲಿಂಕ್ ಒಯ್ಯುವುದು ಒಂದು ಪುಟಕ್ಕೆ, ಹೆಸರು ಬರೆಸುವುದು ಬೇರೆ ಜಾಲತಾಣದ ಗೂಗಲ್ ಫಾರಂನಲ್ಲಿ ಎಂದಾದರೆ ಗುರುತು ಮೊದಲ ಪುಟದಲ್ಲೇ ಉಳಿದುಬಿಡುತ್ತದೆ. ಗೂಗಲ್ ಫಾರಂನಲ್ಲಿ ಉತ್ತರವನ್ನು ಮೊದಲೇ ತುಂಬಿಟ್ಟ ಲಿಂಕ್ ಪಡೆಯುವ ಸೌಲಭ್ಯವಿದೆ. ‘ಮೂಲ’ ಎಂಬ ಬೇರೆಯೇ ಒಂದು ಅಂಕಣವಿಟ್ಟು, ತಾಣಕ್ಕೊಂದರಂತೆ ನಾಲ್ಕು ಲಿಂಕ್ ಮಾಡಿಕೊಂಡು, ನೇರವಾಗಿ ಫಾರಂಗೇ ಕಳಿಸಿದರೆ ಗುರುತು ಕಳೆಯುವುದಿಲ್ಲ. ಪ್ರತಿ ಲಿಂಕನ್ನೂ ಆಯಾ ಆ್ಯಪ್‌ನೊಳಗಿಂದಲೇ ಒತ್ತಿ, ಹುಸಿ ಹೆಸರಿನಲ್ಲಿ ಒಮ್ಮೆ ನೋಂದಾಯಿಸಿ ನೋಡಿ.

ಇಷ್ಟಾದರೂ ಅನುಮಾನ ಉಳಿದರೆ, ಮುಂದಿನ ವಿಡಿಯೊವನ್ನು ಎಲ್ಲ ಕಡೆ ಒಟ್ಟಿಗೆ ಹಾಕಬೇಡಿ. ಮೊದಲ ಹತ್ತು ದಿನ ಯೂಟ್ಯೂಬ್‌ನಲ್ಲಿ ಮಾತ್ರ, ಆಮೇಲೆ ಇನ್‌ಸ್ಟಾಗ್ರಾಂನಲ್ಲಿ. ಅದರ ನಂತರದ ವಿಡಿಯೊಗೆ ಸರದಿ ಅದಲುಬದಲು. ಯೂಟ್ಯೂಬ್ ಮಾತ್ರ ಇದ್ದ ದಿನಗಳಲ್ಲಿ ಶಿಕ್ಷಕಿಯ ಹೆಸರು ಹುಡುಕಿ ಬರುವವರು ಏರಿದರೆ, ಆ ಏರಿಕೆಯ ಬಹುಪಾಲು ಅಲ್ಲಿಯದೇ. ವಾರಕ್ಕೆ ಐದಾರು ನೋಂದಣಿ ಬರುವಲ್ಲಿ ಈ ಪ್ರಯೋಗದಿಂದ ಏನೂ ತಿಳಿಯದು. ಒಂದು ಹಬ್ಬದ ರಜೆ ಸಾಕು, ಅಂಕಿ ಹೊಯ್ದಾಡಲು. ಶಾರ್ಟ್ಸ್ ಕೆಲವೊಮ್ಮೆ ವಾರಗಳು ಕಳೆದ ಮೇಲೆ ಓಡತೊಡಗುವುದೂ ಉಂಟು, ಆಗ ಅದರ ಫಲ ಇನ್‌ಸ್ಟಾಗ್ರಾಂನ ಸರದಿಯಲ್ಲಿ ಬಂದು ಸೇರುತ್ತದೆ.