ಅಪ್ಪನ ಕಣ್ಣಲ್ಲಿ ರಕ್ತ, ನನ್ನ ಸೂಟ್‌ಕೇಸ್‌ನಲ್ಲಿ ಡಬ್ಬಿ

ಕಳೆದ ವರ್ಷ ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಅಮೆರಿಕಕ್ಕೆ ಹೋಗಿದ್ದೆ. ವಾಪಸ್ ಬರುವಾಗ ಎಲ್ಲರೂ ತರುವ ಹಾಗೆ ಚಾಕೊಲೇಟು, ಬಾದಾಮಿ ತಂದೆ. ಅಪ್ಪನಿಗೆ ಅಂತ ಇನ್ನೊಂದು ಡಬ್ಬಿಯೂ ಇತ್ತು. ಫೋನ್ ಮಾಡಿದಾಗಲೆಲ್ಲ ಅವರು "ಹೆಸರೇ ನೆನಪಿಗೆ ಬರಲ್ಲ ಕಣೋ" ಅಂತಿದ್ದರು. ಅಲ್ಲಿನ ಔಷಧಿ ಅಂಗಡಿಯ ಕಪಾಟಿನಲ್ಲಿ 'ನೆನಪಿನ ಶಕ್ತಿಗೆ' ಎಂದು ಬರೆದಿದ್ದ ಗಿಂಕ್ಗೊ ಬಿಲೋಬ ಮಾತ್ರೆ ಕಂಡಿತು. ಗಿಂಕ್ಗೊ ಅಂದರೆ ಚೀನಾ ಮೂಲದ ಒಂದು ಮರ. ಬೀಸಣಿಗೆಯಂಥ ಎಲೆ. ಆ ಎಲೆಯ ಸಾರವೇ ಮಾತ್ರೆ. ಡಾಕ್ಟರ ಚೀಟಿ ಏನೂ ಬೇಕಿರಲಿಲ್ಲ, ತಗೊಂಡೆ. "ಎಲೆಯಿಂದ ಮಾಡಿದ್ದು ಅಪ್ಪ, ಸೈಡ್ ಎಫೆಕ್ಟ್ ಏನೂ ಇರಲ್ಲ" ಅಂತ ಹೇಳಿ ಕೊಟ್ಟವನೂ ನಾನೇ.

ಹತ್ತು ಹನ್ನೆರಡು ದಿನ ಆಗಿರಬೇಕು. ಒಂದು ಬೆಳಿಗ್ಗೆ ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿದರು. ಅಪ್ಪನಿಗೆ ಬಲಗಣ್ಣು ಮಂಜಾಗಿದೆ, ಕೆಂಪಗಿದೆ, ಕಣ್ಣು ಬಂದಿರಬೇಕು ಅಂದರು. ವಿಡಿಯೊ ಕಾಲ್‌ನಲ್ಲಿ ನೋಡಿದರೆ ಬಿಳಿಗುಡ್ಡೆ ಅಷ್ಟೇನೂ ಕೆಂಪಾಗಿರಲಿಲ್ಲ. ಕೆಂಪು ಇದ್ದದ್ದು ಕರಿಗುಡ್ಡೆಯೊಳಗೆ, ಕೆಳಭಾಗದಲ್ಲಿ. ಲೋಟದ ತಳದಲ್ಲಿ ಕಷಾಯ ನಿಂತಂತೆ ಒಂದು ಗೆರೆ. ರಾತ್ರಿ ಬಸ್ಸು ಹಿಡಿದು ಊರಿಗೆ ಹೋದೆ. ಅಷ್ಟರಲ್ಲಿ ಚಿಕ್ಕಪ್ಪ ಅವರನ್ನು ಆಸ್ಪತ್ರೆಗೆ ಸೇರಿಸಿದ್ದರು.

ಅಲ್ಲಿ ಕಣ್ಣಿನ ವಿಭಾಗದಲ್ಲಿ ಡ್ಯೂಟಿಯಲ್ಲಿದ್ದದ್ದು ಒಬ್ಬ ಹುಡುಗಿ. ಹುಡುಗಿ ಅಂದರೆ ಪಿಜಿ ಓದುತ್ತಿರುವ ಡಾಕ್ಟರು, ನನಗಿಂತ ಮೂರ್ನಾಲ್ಕು ವರ್ಷ ಚಿಕ್ಕವರಿರಬಹುದು. ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೂ ಅದರ ಹಿಂದಿನ ಬಣ್ಣದ ಪರದೆಗೂ ನಡುವೆ ನೀರು ತುಂಬಿದ ಸಣ್ಣ ಜಾಗವಿದೆ, ಅಲ್ಲಿ ರಕ್ತ ಸೋರಿದೆ ಎಂದು ಅವರು ವಿವರಿಸಿದರು. ಇದಕ್ಕೆ ಹೈಫೀಮಾ ಅಂತ ಹೆಸರಂತೆ. ಕೂತಾಗ ರಕ್ತ ಕೆಳಗೆ ಇಳಿದು ಗೆರೆಯಾಗಿ ನಿಲ್ಲುತ್ತದೆ. ರಕ್ತಕಣಗಳು ನೀರು ಹೊರಹೋಗುವ ದಾರಿಗೆ ಅಡ್ಡಬಂದರೆ ಕಣ್ಣಿನ ಒತ್ತಡ ಏರಿ ನರಕ್ಕೇ ಪೆಟ್ಟು. ಸಾಮಾನ್ಯವಾಗಿ 21ರ ಒಳಗೆ ಇರಬೇಕಾದ ಒತ್ತಡ ಅಪ್ಪನಿಗೆ 27 ಇತ್ತು.

ಸಾಮಾನ್ಯವಾಗಿ ಇದು ಪೆಟ್ಟು ಬಿದ್ದವರಿಗೆ ಆಗುವುದು. ಕ್ರಿಕೆಟ್ ಬಾಲು, ಮೊಣಕೈ, ಸಿಡಿದ ಕಟ್ಟಿಗೆ ಚೂರು. ಅಪ್ಪ ಏನೂ ತಾಗಿಲ್ಲ ಅಂದರು. ಶುಗರ್ ಇದ್ದವರ ಕಣ್ಣಲ್ಲಿ ಹೊಸ ದುರ್ಬಲ ರಕ್ತನಾಳ ಹುಟ್ಟಿ ಒಡೆಯುವುದುಂಟು. ಅಪ್ಪನಿಗೆ ಶುಗರ್ ಇಲ್ಲ. ಪೊರೆ ಆಪರೇಶನ್ನಿನಲ್ಲಿ ಹಾಕಿದ ಲೆನ್ಸು ಒಳಗೆ ಉಜ್ಜಬಹುದು. ಆ ಆಪರೇಶನ್ ಆಗಿಲ್ಲ. ಪ್ಲೇಟ್‌ಲೆಟ್ ಎಣಿಕೆ ಸರಿ, ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆಯೂ ಸರಿ. ಉಳಿದದ್ದು ಒಂದೇ, ಮೂರು ವರ್ಷದ ಹಿಂದೆ ಬೈಪಾಸ್ ಆದಾಗಿನಿಂದ ದಿನಾ ತಗೊಳ್ಳುವ 75 ಮಿಲಿಗ್ರಾಂ ಆಸ್ಪಿರಿನ್. ಅದನ್ನು ನಿಲ್ಲಿಸಿಬಿಡೋಣ ಅಂತ ವಾರ್ಡಿನಲ್ಲಿ ಮಾತು ಬಂತು. ನನ್ನ ಎದೆ ಧಸಕ್ಕೆಂದಿತು. ಹೃದಯದ ಡಾಕ್ಟರು ಈ ಮಾತ್ರೆ ಒಂದು ದಿನವೂ ತಪ್ಪಬಾರದು ಅಂತ ಹೇಳಿ ಕಳಿಸಿದ್ದರು.

ಈ ಡಾಕ್ಟರಿಗೂ ಅದು ಒಪ್ಪಿಗೆಯಾಗಲಿಲ್ಲ. "ಮೂರು ವರ್ಷ ಸುಮ್ಮನಿದ್ದ ಆಸ್ಪಿರಿನ್ ಈ ವಾರ ಯಾಕೆ ರಕ್ತ ತರಿಸುತ್ತೆ?" ಅಂದರು. ನಾವು ಸಾಫ್ಟ್‌ವೇರಿನವರು ಕೇಳುವುದೂ ಇದನ್ನೇ. ನಿನ್ನೆವರೆಗೆ ಓಡುತ್ತಿದ್ದದ್ದು ಇವತ್ತು ಕೆಟ್ಟಿದ್ದರೆ ಮಧ್ಯೆ ಏನು ಬದಲಾಯಿತು ಅಂತ. ಇಷ್ಟಾದರೂ ಪಕ್ಕದಲ್ಲೇ ನಿಂತಿದ್ದ ನನಗೆ ಹೊಳೆಯಲಿಲ್ಲ ನೋಡಿ.

"ಬೇರೆ ಔಷಧಿ ಏನಾದರೂ ತಗೋತೀರಾ ಅಂಕಲ್?" ಅಂತ ಈ ಮೊದಲೇ ಎರಡು ಸಲ ಕೇಳಿದ್ದರಂತೆ. ಅಪ್ಪ ಇಲ್ಲ ಅಂದಿದ್ದರು. ಸುಳ್ಳಲ್ಲ, ಅಪ್ಪನ ಲೆಕ್ಕದಲ್ಲಿ ಔಷಧಿ ಅಂದರೆ ಡಾಕ್ಟರು ಬರೆದುಕೊಟ್ಟದ್ದು. ಮೂರನೇ ಸಲ ಅವರು ಸ್ಟೂಲ್ ಎಳೆದುಕೊಂಡು ಕೂತು ಪ್ರಶ್ನೆಯನ್ನೇ ಬದಲಾಯಿಸಿದರು. "ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೂ ಬಾಯಿಗೆ ಏನೇನು ಹಾಕ್ಕೋತೀರಾ, ಒಂದೊಂದೇ ಹೇಳಿ." ಅಪ್ಪ ಕಾಫಿಯಿಂದ ಶುರುಮಾಡಿದರು. ನೆನೆಸಿದ ಬಾದಾಮಿ ನಾಲ್ಕು. ಎರಡು ಇಡ್ಲಿ. ಬಿಪಿ ಮಾತ್ರೆ. "ಆಮೇಲೆ ಇವನು ತಂದ ನೆನಪಿನ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು."

ಡಾಕ್ಟರು ನನ್ನ ಕಡೆ ನೋಡಿದರು. ಅಮ್ಮ ಮನೆಯಿಂದ ಡಬ್ಬಿಯ ಫೋಟೊ ಕಳಿಸಿದರು. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಸಾರ. ಫೋಟೊ ದೊಡ್ಡದು ಮಾಡಿ ನೋಡಿದರೆ, ರಕ್ತ ತೆಳುಮಾಡುವ ಔಷಧಿ ತಗೊಳ್ಳುವವರು ವೈದ್ಯರನ್ನು ಕೇಳಿ ಅಂತ ಇರುವೆ ಸಾಲಿನಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಅಂಗಡಿಯಲ್ಲಿ ನಾನು ಓದಿದ್ದು ಬೆಲೆ ಮಾತ್ರ.

ಮತ್ತೆ ರಿಪೋರ್ಟುಗಳೆಲ್ಲ ಸರಿ ಇದ್ದವಲ್ಲ? ಅದನ್ನು ಕೇಳಿದಾಗ ಅವರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ರಕ್ತನಾಳದಲ್ಲಿ ಸಣ್ಣ ತೂತು ಬಿದ್ದರೆ ಮೊದಲು ಓಡಿಬಂದು ಒಂದಕ್ಕೊಂದು ಅಂಟಿಕೊಂಡು ಬಿರಡೆ ಹಾಕುವುದು ಪ್ಲೇಟ್‌ಲೆಟ್‌ಗಳು. ಲ್ಯಾಬಿನ ಎಣಿಕೆ ಅವು ಎಷ್ಟಿವೆ ಅಂತ ಹೇಳುತ್ತದೆ, ಕೆಲಸ ಮಾಡುತ್ತಿವೆಯಾ ಅಂತ ಹೇಳುವುದಿಲ್ಲ. ಹೆಪ್ಪುಗಟ್ಟುವ ಸಮಯದ ಪರೀಕ್ಷೆ ನೋಡುವುದು ರಕ್ತದ ಪ್ರೋಟೀನುಗಳನ್ನು, ಪ್ಲೇಟ್‌ಲೆಟ್‌ಗಳನ್ನಲ್ಲ. ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿ ಇದೆ, ಕುರ್ಚಿಯಲ್ಲಿ ಯಾರೂ ಇಲ್ಲ ಅನ್ನುವ ಹಾಗೆ. ಪ್ಲೇಟ್‌ಲೆಟ್‌ಗಳನ್ನು ಒಟ್ಟುಗೂಡಿಸುವ ಸಂಕೇತಗಳಲ್ಲಿ ಒಂದನ್ನು ಆಸ್ಪಿರಿನ್ ಕಟ್ಟಿಹಾಕುತ್ತದೆ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತಾನು ಬದುಕಿರುವ ವಾರ ಹತ್ತು ದಿನವೂ ಹಾಗೇ ಇರುತ್ತದೆ. ಗಿಂಕ್ಗೊ ಎಲೆಯಲ್ಲಿರುವ ಗಿಂಕ್ಗೋಲೈಡ್ ಬಿ ಎನ್ನುವ ಅಂಶ ಇನ್ನೊಂದು ಸಂಕೇತಕ್ಕೆ ಅಡ್ಡ ನಿಲ್ಲುತ್ತದೆ. ಒಂದು ಬಾಗಿಲು ಮುಚ್ಚಿದ್ದ ಮನೆಗೆ ನಾನು ಎರಡನೆಯದಕ್ಕೂ ಬೀಗ ತಂದುಕೊಟ್ಟಿದ್ದೆ.

ಅವರು ಹೃದಯದ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದರು. ಆಸ್ಪಿರಿನ್ ಮುಂದುವರಿಯಿತು, ಗಿಂಕ್ಗೊ ನಿಂತಿತು. ಕಣ್ಣಿಗೆ ಗಟ್ಟಿ ಮುಚ್ಚಳ, ಒತ್ತಡ ಇಳಿಸುವ ಹನಿ, ಉರಿಯೂತಕ್ಕೆ ಇನ್ನೊಂದು ಹನಿ, ತಲೆ ಎತ್ತರಿಸಿ ಮಲಗುವುದು. ನೋವು ಅಂತ ಅಂಗಡಿಯಿಂದ ಬ್ರೂಫೆನ್ ತಂದು ನುಂಗುವ ಹಾಗಿಲ್ಲ, ಅದೂ ಪ್ಲೇಟ್‌ಲೆಟ್‌ಗಳನ್ನು ತಡೆಯುತ್ತದೆ. ಮೊದಲ ಐದು ದಿನ ಮತ್ತೆ ರಕ್ತ ಸೋರುವ ಭಯ ಹೆಚ್ಚು ಅಂದಿದ್ದರು. ಆ ಐದು ದಿನವೂ ನಾನು ಬೆಳಿಗ್ಗೆ ಎದ್ದು ಮೊದಲು ನೋಡಿದ್ದು ಆ ಗೆರೆಯನ್ನು. ಆರನೆಯ ದಿನ ಗೆರೆ ಕಾಣಲಿಲ್ಲ, ಒತ್ತಡ 17ಕ್ಕೆ ಇಳಿದಿತ್ತು.

ಬಿಡುಗಡೆ ದಿನ, ಇದು ಗಿಂಕ್ಗೊದಿಂದಲೇ ಆಯಿತಾ ಅಂತ ಕೇಳಿದೆ. "ಖಂಡಿತ ಅಂತ ಹೇಳೋಕಾಗಲ್ಲ" ಅಂದರು. 1997ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹೆಚ್ಚುಕಡಿಮೆ ಇಂಥದ್ದೇ ಪ್ರಕರಣ ಬಂದಿತ್ತಂತೆ. 70 ವರ್ಷದವರು, ಬೈಪಾಸ್ ಆದವರು, ಆಸ್ಪಿರಿನ್ ಜೊತೆಗೆ ಒಂದು ವಾರದಿಂದ ಗಿಂಕ್ಗೊ. ಅವರೂ ಗಿಂಕ್ಗೊ ಮಾತ್ರ ಬಿಟ್ಟರು, ಮತ್ತೆ ರಕ್ತ ಬರಲಿಲ್ಲ. ಆದರೆ ಅಮೆರಿಕದಲ್ಲೇ 3,000ಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಗಿಂಕ್ಗೊ ಅಥವಾ ಬರೀ ಹುಸಿಮಾತ್ರೆ ಕೊಟ್ಟು ನೋಡಿದ ಅಧ್ಯಯನದ ಫಲಿತಾಂಶ 2008ರಲ್ಲಿ ಬಂದಾಗ, ಎರಡು ಗುಂಪಿನ ರಕ್ತಸ್ರಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಲ್ಲರಿಗೂ ಆಗುವುದಲ್ಲ, ಯಾರೋ ಒಬ್ಬಿಬ್ಬರಿಗೆ ಆಗಬಹುದಾದದ್ದು. ಅದೇ ಅಧ್ಯಯನದಲ್ಲಿ ಮರೆವಿನ ಕಾಯಿಲೆಯನ್ನೂ ಗಿಂಕ್ಗೊ ತಡೆಯಲಿಲ್ಲ ಅನ್ನುವುದನ್ನು ಅವರು ಮೆಲ್ಲಗೆ ಸೇರಿಸಿದರು.

ನಮ್ಮ ಕೆಲಸದಲ್ಲಾದರೆ ದೋಷ ಅದೇ ಅಂತ ಖಾತ್ರಿ ಮಾಡಿಕೊಳ್ಳಲು ಅದನ್ನು ಬೇಕೆಂದೇ ಮತ್ತೆ ಬರಿಸಿ ನೋಡುತ್ತೇವೆ ಅಂದೆ. ಹಾಸಿಗೆ ಮೇಲಿಂದ ಅಪ್ಪ, "ಯಾಕೆ, ಇನ್ನೊಂದು ಡಬ್ಬಿ ತರಿಸ್ತೀಯೇನೋ?" ಅಂದರು.

ಈಗ ಒಂದು ವರ್ಷವಾಯಿತು. ಅಪ್ಪನ ಫೈಲಿನ ಮೊದಲ ಹಾಳೆಯಲ್ಲಿ ಆ ಡಾಕ್ಟರ ಕೈಬರಹ ಹಾಗೇ ಇದೆ, ಆಸ್ಪಿರಿನ್ ಕೆಳಗೆ ಕೆಂಪು ಶಾಯಿಯಲ್ಲಿ 'ಗಿಂಕ್ಗೊ ಬೇಡ' ಅಂತ. ಮೊನ್ನೆ ಊರಿಗೆ ಹೋದಾಗ ಡಬ್ಬಿ ಅಡುಗೆಮನೆಯಲ್ಲಿ ಕಂಡಿತು. ಒಂದು ಕ್ಷಣ ಗಾಬರಿಯಾಗಿ ಮುಚ್ಚಳ ತೆಗೆದೆ. ಅಮ್ಮ ಅದರಲ್ಲಿ ಏಲಕ್ಕಿ ತುಂಬಿಟ್ಟಿದ್ದರು.