ಒದ್ದೆ ಮಣ್ಣಿನಲ್ಲಿ ಬಾಡುವ ಗಿಡ

ಆಗಸ್ಟ್‌ನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಲು ಹೋದ ನಮ್ಮ ಪಕ್ಕದ ಮನೆಯ ಅಕ್ಕ, ಒಂದು ಪೀಸ್ ಲಿಲಿ ಗಿಡ ಹಿಡಿದುಕೊಂಡು ದೊಡ್ಡಬಳ್ಳಾಪುರಕ್ಕೆ ಬಂದರು. ಚೆಂದದ ಬಿಳಿ ಪಿಂಗಾಣಿ ಕುಂಡ ಕೊಂಡು, ನರ್ಸರಿಯವರು ಕೊಟ್ಟ ಪ್ಲಾಸ್ಟಿಕ್ ಕುಂಡವನ್ನು ಹಾಗೇ ಅದರೊಳಗೆ ಇಳಿಸಿ ಹಾಲ್‌ನಲ್ಲಿ ಇಟ್ಟರು. ದಿನಾ ಬೆಳಗ್ಗೆ ಒಂದು ಚೊಂಬು ನೀರು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಎಲೆಗಳೆಲ್ಲ ಕುಂಡದ ಅಂಚಿನಿಂದ ಜೋತುಬಿದ್ದಿದ್ದವು. "ಒಂದು ದಿನಾನೂ ತಪ್ಪಿಸಿಲ್ಲ ಕಣಮ್ಮ, ಆದ್ರೂ ಬಾಡ್ತಾನೇ ಇದೆ. ಸಂಜೆಗೂ ಒಂದು ಚೊಂಬು ಹಾಕ್ಲಾ?" ಎಂದು ನನ್ನನ್ನು ಕೇಳಿದರು. ನಾನು ಒಳಗಿನ ಕುಂಡ ಎತ್ತಿದೆ. ಪಿಂಗಾಣಿ ಕುಂಡಕ್ಕೆ ತೂತೇ ಇರಲಿಲ್ಲ. ತಳದಲ್ಲಿ ಮೂರು ಬೆರಳಿನಷ್ಟು ನೀರು ನಿಂತು ಚರಂಡಿಯ ವಾಸನೆ ಹೊಡೆಯುತ್ತಿತ್ತು.

ತಪ್ಪು ಕಲ್ಪನೆ: ಎಲೆ ಬಾಡಿದರೆ ಗಿಡಕ್ಕೆ ಬಾಯಾರಿಕೆ

ವಾಸ್ತವ: ಬಾಯಾರಿದ ಗಿಡವೂ ಬಾಡುತ್ತದೆ, ಬೇರು ಕೊಳೆಯುತ್ತಿರುವ ಗಿಡವೂ ಬಾಡುತ್ತದೆ. ಎರಡರಲ್ಲೂ ಎಲೆಗೆ ನೀರು ತಲುಪುತ್ತಿಲ್ಲ, ಕಾರಣ ಮಾತ್ರ ಬೇರೆ. ಪೀಸ್ ಲಿಲಿಯ ವಿಷಯದಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ನೀರು ತಪ್ಪಿದರೆ ಅದು ಮೂರ್ಛೆ ಹೋದಂತೆ ಬಿದ್ದು, ನೀರು ಹಾಕಿದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಅದನ್ನು ಒಮ್ಮೆ ಕಂಡವರು ಮುಂದೆ ಪ್ರತಿ ಸಲವೂ ಚೊಂಬಿಗೇ ಕೈ ಹಾಕುತ್ತಾರೆ.

ಎಲೆ ನೋಡಿ ತೀರ್ಮಾನಿಸುವ ಮೊದಲು ಮಣ್ಣಿಗೆ ಬೆರಳು ಇಳಿಸಿ, ಕುಂಡವನ್ನು ಎತ್ತಿ ತೂಕ ನೋಡಿ. ಕುಂಡ ಹಗುರ, ಮಣ್ಣು ಅಂಚಿನಿಂದ ಬಿಟ್ಟುಕೊಂಡಿದೆ, ಎಲೆಯ ತುದಿ ಒಣಗಿ ಗರಿಗರಿಯಾಗಿದೆ ಎಂದರೆ ಬೇಕಾದದ್ದು ನೀರೇ. ಕುಂಡ ಭಾರ, ಮಣ್ಣು ಒದ್ದೆ, ಆದರೂ ಗಿಡ ಜೋತುಬಿದ್ದಿದೆ ಎಂದರೆ ಬೇರಿಗೆ ಏನೋ ಆಗಿದೆ. ಅಂಥ ಗಿಡದಲ್ಲಿ ಬುಡದ ಎಲೆಗಳು ಒಂದಾದ ಮೇಲೊಂದು ಹಳದಿಯಾಗಿ ಮೆತ್ತಗಾಗುತ್ತವೆ. ಕಂದು ಕಲೆಯ ಸುತ್ತ ಹಳದಿ ಅಂಚು ಕಾಣುತ್ತದೆ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತವೆ. ಹಾಗೆಂದು ತಿಂಗಳಿಗೊಂದು ಹಳೆ ಎಲೆ ಹಣ್ಣಾಗಿ ಉದುರಿದರೆ ಗಾಬರಿ ಬೇಡ, ಅದು ವಯಸ್ಸಿನ ಲಕ್ಷಣ.

ತಪ್ಪು ಕಲ್ಪನೆ: ನೀರೇ ಬೇರನ್ನು ಕೊಳೆಸುತ್ತದೆ

ವಾಸ್ತವ: ನೀರೇ ಕೊಳೆಸುವುದಾಗಿದ್ದರೆ ಬಾಟಲಿಯಲ್ಲಿಟ್ಟ ಮನಿ ಪ್ಲಾಂಟ್ ಬದುಕುತ್ತಿರಲಿಲ್ಲ. ಬೇರನ್ನು ಮೊದಲು ಕೊಲ್ಲುವುದು ಉಸಿರಿನ ಕೊರತೆ. ಹದವಾದ ಮಣ್ಣಿನಲ್ಲಿ ಕಣಗಳ ನಡುವೆ ಗಾಳಿಯ ಸಂದುಗಳಿರುತ್ತವೆ. ಬೇರು ಆ ಗಾಳಿಯ ಆಮ್ಲಜನಕವನ್ನು ಬಳಸಿ ಸಕ್ಕರೆಯನ್ನು ಶಕ್ತಿಯಾಗಿ ಮಾಡಿಕೊಳ್ಳುತ್ತದೆ. ದಿನಾ ನೀರು ಸುರಿದರೆ ಸಂದುಗಳೆಲ್ಲ ನೀರಿನಿಂದ ತುಂಬುತ್ತವೆ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಇದ್ದಷ್ಟನ್ನು ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಬಳಸಿ ಮುಗಿಸಿದ ಮೇಲೆ ಹೊಸದು ಇಳಿದು ಬರುವುದೇ ಇಲ್ಲ.

ಆಗ ಬೇರು ಹುದುಗುವಿಕೆಯ ದಾರಿ ಹಿಡಿಯುತ್ತದೆ. ಗಾಳಿ ಇದ್ದಾಗ 30 ಪಾಲು ಶಕ್ತಿ ಕೊಡುತ್ತಿದ್ದ ಸಕ್ಕರೆ ಈಗ ಕೊಡುವುದು ಎರಡೇ ಪಾಲು. ಜೀವಕೋಶದೊಳಗೆ ಹುಳಿ ಹೆಚ್ಚುತ್ತದೆ, ನೀರನ್ನು ಒಳಗೆ ಬಿಡುವ ಸೂಕ್ಷ್ಮ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಸುತ್ತಲೂ ನೀರಿದ್ದೂ ಬೇರು ಅದನ್ನು ಹೀರಲಾರದು, ಎಲೆ ಬಾಡುತ್ತದೆ. ಹೀಗೆ ಸೋತ ಬೇರಿನ ಮೇಲೆ ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಬೀಳುತ್ತವೆ. ಅವುಗಳ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು, ನಿಂತ ನೀರು ಅವಕ್ಕೆ ರಸ್ತೆ ಮಾಡಿಕೊಟ್ಟಂತೆ. ಕೊಳೆತ ನಿಜವಾಗಿ ಶುರುವಾಗುವುದು ಆಗ.

ನಮ್ಮ ಕಡೆಯ ರೈತರಿಗೆ ಇದು ಹೊಸದಲ್ಲ. ರಾಗಿ ಹೊಲದ ತಗ್ಗಿನಲ್ಲಿ ಮಳೆನೀರು ನಿಂತರೆ ಪೈರು ಹಳದಿ ತಿರುಗುತ್ತದೆ, ಕೆರೆ ಹಿಂದಿನ ಗದ್ದೆಯ ಭತ್ತ ನೀರಿನಲ್ಲೇ ಹಸಿರಾಗಿ ನಿಲ್ಲುತ್ತದೆ. ಭತ್ತದ ಬೇರಿನೊಳಗೆ ಎಲೆಯಿಂದ ಗಾಳಿ ಇಳಿಸುವ ಕೊಳವೆಗಳಿವೆ. ಬಾಟಲಿಯ ಮನಿ ಪ್ಲಾಂಟ್ ಕೂಡ ಮೊದಲಿನಿಂದಲೇ ನೀರಿಗೆ ಹೊಂದುವ ಬೇರು ಬಿಟ್ಟುಕೊಂಡಿರುತ್ತದೆ, ವಾರಕ್ಕೊಮ್ಮೆ ನೀರು ಬದಲಿಸಿದಾಗ ಹೊಸ ಆಮ್ಲಜನಕವೂ ಸಿಗುತ್ತದೆ. ಮಣ್ಣಿನಲ್ಲಿ ಬೆಳೆದ ಬೇರನ್ನು ಇದ್ದಕ್ಕಿದ್ದಂತೆ ಮುಳುಗಿಸಿದರೆ ಅದಕ್ಕೆ ಆ ತಯಾರಿ ಇರುವುದಿಲ್ಲ.

ತಪ್ಪು ಕಲ್ಪನೆ: ತಳಕ್ಕೆ ಜಲ್ಲಿ ಹಾಕಿದರೆ ನೀರು ಇಳಿದುಹೋಗುತ್ತದೆ

ವಾಸ್ತವ: ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೂ ಅದರ ಕೆಳಭಾಗ ನೀರು ಹಿಡಿದುಕೊಂಡೇ ಇರುತ್ತದೆ. ಕುಂಡದ ಮಣ್ಣೂ ಹೀಗೆಯೇ. ಸಣ್ಣ ಸಂದುಗಳ ಮಣ್ಣು ದೊಡ್ಡ ಸಂದುಗಳ ಜಲ್ಲಿಗೆ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜಲ್ಲಿ ಹಾಕಿದಾಗ ಆ ಒದ್ದೆ ಪದರ ಅಷ್ಟೇ ಮೇಲಕ್ಕೆ, ಅಂದರೆ ಬೇರಿಗೆ ಹತ್ತಿರ ಬರುತ್ತದೆ. ತೂತೇ ಇಲ್ಲದ ಕುಂಡದಲ್ಲಂತೂ ಜಲ್ಲಿಯಿಂದ ಏನೂ ಆಗದು. ಈಗ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿದರೆ ಇನ್ನಷ್ಟು ನೀರು ಸುರಿಯುತ್ತದೆ. ಅಗಲ ತಟ್ಟೆಯಂಥ ಕುಂಡಕ್ಕಿಂತ ಎತ್ತರದ ಕುಂಡ ಒಳ್ಳೆಯದು ಎನ್ನುವುದು ಇದಕ್ಕೇ.

ತಪ್ಪು ಕಲ್ಪನೆ: ದಿನಾ ಒಂದು ಲೋಟ ಹಾಕಿದರೆ ಸಾಕು

ವಾಸ್ತವ: ಏಪ್ರಿಲ್‌ನಲ್ಲಿ ಮೂರು ದಿನಕ್ಕೆ ಒಣಗುವ ಕುಂಡ, ಮೋಡ ಮುಚ್ಚಿದ ಸೆಪ್ಟೆಂಬರ್‌ನಲ್ಲಿ ಹತ್ತು ದಿನವಾದರೂ ಒಣಗದಿರಬಹುದು. ಲೆಕ್ಕ ಇಡಬೇಕಾದದ್ದು ದಿನಗಳನ್ನಲ್ಲ, ಹದವನ್ನು. ಮೇಲಿನ ಎರಡು ಅಂಗುಲ ಒಣಗಿದ ಮೇಲೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಿ.

ತಪ್ಪು ಕಲ್ಪನೆ: ಗೊಬ್ಬರ ಕೊಟ್ಟರೆ ಚೇತರಿಸಿಕೊಳ್ಳುತ್ತದೆ

ವಾಸ್ತವ: ನೀರನ್ನೇ ಹೀರಲಾರದ ಬೇರು ಗೊಬ್ಬರವನ್ನು ಹೀರುವುದು ಹೇಗೆ? ಲವಣ ಹೆಚ್ಚಿ ಉಳಿದ ಬೇರೂ ಸುಡುತ್ತದೆ. ಮಾಡಬೇಕಾದದ್ದು ಕುಂಡ ಬದಲಾವಣೆ. ಅಕ್ಕನ ಗಿಡಕ್ಕೆ ಮಾಡಿದ್ದನ್ನೇ ಹೇಳುತ್ತೇನೆ.

ಗಿಡವನ್ನು ಬುಡ ಹಿಡಿದು ಮಗುಚಿದಾಗ ಬಂದದ್ದು ಅಂಟು ಕೆಂಪು ಮಣ್ಣಿನ ಗಟ್ಟಿ ಹೆಂಟೆ. ನಲ್ಲಿಯಡಿ ನಿಧಾನವಾಗಿ ತೊಳೆದೆವು. ಒಳ್ಳೆಯ ಬೇರು ಬೆಳ್ಳಗೆ ಗಟ್ಟಿಯಾಗಿತ್ತು. ಕೊಳೆತದ್ದು ಕಂದಾಗಿ, ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರವೊಂದೇ ಕೈಗೆ ಬರುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ, ಹಳದಿ ಎಲೆಗಳನ್ನೂ ತೆಗೆದೆವು. ಉಳಿದ ಕಡಿಮೆ ಬೇರು ಎಲ್ಲ ಎಲೆಗೂ ನೀರು ಪೂರೈಸಲಾರದು.

"ದೊಡ್ಡ ಕುಂಡ ತರ್ಲಾ?" ಎಂದರು ಅಕ್ಕ. "ಬೇಡಕ್ಕ, ಇದಕ್ಕಿಂತ ಚಿಕ್ಕದು ಬೇಕು" ಎಂದೆ. ಬೇರಿಲ್ಲದ ಕಡೆ ಹೆಚ್ಚು ಮಣ್ಣಿದ್ದರೆ ಅದು ಬೇಗ ಒಣಗುವುದಿಲ್ಲ. ಬೇರಿನ ಗುಪ್ಪೆಗಿಂತ ಒಂದು ಅಂಗುಲ ಅಗಲವಿದ್ದರೆ ಸಾಕು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ತೊಳೆದ ಕೊಕೊಪೀಟ್, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಎರೆಗೊಬ್ಬರ ಕಲಸಿದೆವು. ಎಂ ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ದೂಳು ತೆಗೆಯಿರಿ, ಇಲ್ಲದಿದ್ದರೆ ಸಂದುಗಳು ಮುಚ್ಚುತ್ತವೆ. ಬುಡ ಮೊದಲಿದ್ದ ಮಟ್ಟದಲ್ಲೇ ಇರಬೇಕು, ಮಣ್ಣನ್ನು ಒತ್ತಿ ಗಟ್ಟಿ ಮಾಡಬಾರದು. ಒಮ್ಮೆ ನೀರುಣಿಸಿ, ನೇರ ಬಿಸಿಲು ಬೀಳದ ಬೆಳಕಿನ ಕಿಟಕಿಯ ಪಕ್ಕ ಇಟ್ಟೆವು. ಮೊದಲೆರಡು ವಾರ ಗಿಡ ಇನ್ನಷ್ಟು ಸಪ್ಪೆಯಾಗಿ ಕಂಡರೂ ಗೊಬ್ಬರ ಹಾಕಲಿಲ್ಲ.

ಕೊಳೆತ ಬುಡಕ್ಕೇ ಏರಿ, ಕಾಂಡ ಒತ್ತಿದರೆ ಮೆತ್ತಗಿದ್ದರೆ ಗಿಡ ಉಳಿಯುವುದಿಲ್ಲ. ಮನಿ ಪ್ಲಾಂಟ್ ಆದರೆ ಗಟ್ಟಿಯಿರುವ ಬಳ್ಳಿಯನ್ನು ಗಿಣ್ಣಿನ ಸಮೇತ ಕತ್ತರಿಸಿ ನೀರಿನಲ್ಲಿಟ್ಟು ಹೊಸ ಗಿಡ ಮಾಡಿಕೊಳ್ಳಬಹುದು.

ಅಕ್ಕನ ಪೀಸ್ ಲಿಲಿ ನವೆಂಬರ್‌ನಲ್ಲಿ ಸುರುಳಿ ಬಿಚ್ಚಿ ಹೊಸ ಎಲೆ ಕೊಟ್ಟಿತು. ನಿಮ್ಮ ಮನೆಯಲ್ಲೂ ಚೆಂದದ ಹೊರಕುಂಡವಿದ್ದರೆ, ಇವತ್ತೇ ಒಳಗಿನದನ್ನು ಎತ್ತಿ ತಳ ನೋಡಿ. ನೀರು ನಿಂತಿದ್ದರೆ ಚೆಲ್ಲಿ.