ಉತ್ತರ ಬಾರದ ಇ-ಮೇಲ್‌ಗೆ ನೆನಪಿನ ದಿನ ಗೊತ್ತುಪಡಿಸುವ ಕ್ರಮ

ಮಹಾರಾಷ್ಟ್ರದ ಕಚೇರಿಗಳಲ್ಲಿ ಕಾಗದಪತ್ರಗಳನ್ನು ಆರು ಗಂಟುಗಳಾಗಿ ವಿಂಗಡಿಸಿಡುವ ಪದ್ಧತಿಯೊಂದು ಬಳಕೆಯಲ್ಲಿದೆ. ಮರಾಠಿಯಲ್ಲಿ ಅದಕ್ಕೆ ‘ಸಹಾ ಗಠ್ಠಾ ಪದ್ಧತಿ’ ಎಂದು ಹೆಸರು. ಅದರಲ್ಲಿ ಒಂದು ಗಂಟು ‘ಪ್ರತೀಕ್ಷಾಧೀನ’ ಪ್ರಕರಣಗಳದ್ದು. ಕಚೇರಿಯಿಂದ ಪತ್ರ ಹೋಗಿದೆ, ಉತ್ತರ ಬರಬೇಕಾಗಿದೆ ಎಂಬ ಕಾಗದಗಳೆಲ್ಲ ಅಲ್ಲಿರುತ್ತವೆ. ಆ ಗಂಟು ಮೇಜಿನ ಮೇಲೆ ಕಣ್ಣಿಗೆ ಬೀಳುತ್ತಿರುವುದರಿಂದ ಬಾಕಿ ಉಳಿದ ಪತ್ರವು ತಾನಾಗಿಯೇ ನೆನಪಿಗೆ ಬರುತ್ತದೆ.

ಶಾಲೆಯ ಪತ್ರವ್ಯವಹಾರವು ಇ-ಮೇಲ್‌ಗೆ ಬದಲಾದಾಗ ಈ ಗಂಟು ಮಾತ್ರ ಇಲ್ಲವಾಯಿತು. ಕಳುಹಿಸಿದ ಪತ್ರವು Sent ಎಂಬ ಕಡತಕ್ಕೆ ಹೋಗಿ ಸೇರುತ್ತದೆ. ಉತ್ತರ ಬಂದದ್ದೂ ಬಾರದ್ದೂ ಅಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಬಂದ ಪತ್ರವು ಎದುರಿಗೆ ಕಾಣುತ್ತದೆ; ಬಾರದ ಉತ್ತರವು ಎಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಪತ್ರ ಕಳುಹಿಸಿದ ಕ್ಷಣದಲ್ಲಿಯೇ ‘ಇಂತಿಷ್ಟು ದಿನಗಳಲ್ಲಿ ಉತ್ತರ ಬಾರದಿದ್ದರೆ ಇದು ಮತ್ತೆ ನನ್ನೆದುರು ಬರಲಿ’ ಎಂದು ಗೊತ್ತುಪಡಿಸಿಡಬೇಕಾಗುತ್ತದೆ. ಆ ಕ್ರಮವನ್ನು ಇಲ್ಲಿ ಒಂದು ಉದಾಹರಣೆಯ ಮೂಲಕ ವಿವರಿಸಲಾಗಿದೆ.

ಉದಾಹರಣೆ

ಅಕ್ಕಲಕೋಟ ತಾಲೂಕಿನ ನಾಗಣಸೂರದ ಒಂದು ಕನ್ನಡ ಮಾಧ್ಯಮ ಶಾಲೆಯನ್ನು ಕಲ್ಪಿಸಿಕೊಳ್ಳಬಹುದು. 7ನೆಯ ಇಯತ್ತೆಯಲ್ಲಿ 34 ವಿದ್ಯಾರ್ಥಿಗಳಿದ್ದಾರೆ. ವಿಜ್ಞಾನದ ಪಠ್ಯಪುಸ್ತಕಗಳು ಬಂದದ್ದು 28. ಉಳಿದ ಆರು ಪ್ರತಿಗಳಿಗಾಗಿ ಮುಖ್ಯಾಧ್ಯಾಪಕರು ಜೂನ್ 23, ಸೋಮವಾರದಂದು ಪಂಚಾಯತ ಸಮಿತಿಯ ಗಟ ಶಿಕ್ಷಣಾಧಿಕಾರಿಗಳಿಗೆ ಇ-ಮೇಲ್ ಕಳುಹಿಸುತ್ತಾರೆ.

ಮರಾಠಿ ಶಾಲೆಗೆ ಪುಸ್ತಕ ಕಡಿಮೆ ಬಿದ್ದರೆ ಪಕ್ಕದ ಊರಿನಿಂದ ತರಿಸಿಕೊಳ್ಳುವುದು ಸುಲಭ. ಪುಣೆಯ ಬಾಲಭಾರತಿಯು ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಹೊರತರುತ್ತದೆಯಾದರೂ ಕನ್ನಡ ಪುಸ್ತಕವು ಕನ್ನಡ ಶಾಲೆಯಿರುವ ಊರಿನಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ಈ ಪತ್ರವು ಮರೆತುಹೋದರೆ ಆರು ಮಕ್ಕಳು ಬೇರೊಬ್ಬರ ಪುಸ್ತಕದಲ್ಲಿ ಇಣುಕಿ ನೋಡುತ್ತ ಮೊದಲ ಘಟಕ ಪರೀಕ್ಷೆಗೆ ಕುಳಿತುಕೊಳ್ಳಬೇಕಾಗುತ್ತದೆ.

ಎಷ್ಟು ದಿನ ಎಂಬುದನ್ನು ನಿರ್ಧರಿಸುವುದು

ಮೊದಲು ದಿನಗಳ ಸಂಖ್ಯೆಯನ್ನು ನಿರ್ಧರಿಸಬೇಕು. ಇದಕ್ಕೆ ಎರಡು ಅಳತೆಗಳಿವೆ. ಒಂದು, ಕಚೇರಿಗೆ ಸಲ್ಲಬೇಕಾದ ನ್ಯಾಯವಾದ ಕಾಲ. ಮಹಾರಾಷ್ಟ್ರದ ಸರ್ಕಾರಿ ನೌಕರರ ವರ್ಗಾವಣೆ ನಿಯಂತ್ರಣ ಮತ್ತು ವಿಳಂಬ ತಡೆ ಕಾಯ್ದೆ, 2005ರ 10ನೆಯ ಕಲಮಿನಂತೆ ಒಂದು ಕಡತವು ಒಬ್ಬ ನೌಕರನ ಬಳಿ ಏಳು ಕೆಲಸದ ದಿನಗಳಿಗಿಂತ ಹೆಚ್ಚು ಕಾಲ ಉಳಿಯಬಾರದು. ಮೊದಲ ನೆನಪಿಗೆ ಇದನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ಯೋಗ್ಯ. ಅದಕ್ಕೂ ಮೊದಲೇ ಕೇಳಿದರೆ ಅವಸರವೆನಿಸುತ್ತದೆ. ತಡವಾಗಿ ಕೇಳಿದರೆ ಪತ್ರವು ಕಡತದ ಅಡಿಗೆ ಸರಿದಿರುತ್ತದೆ.

ಇಲ್ಲಿ ‘ಕೆಲಸದ ದಿನ’ ಎಂಬ ಮಾತನ್ನು ಗಮನಿಸಬೇಕು. ಶಾಲೆಯು ಶನಿವಾರವೂ ನಡೆಯುವುದರಿಂದ ಶಿಕ್ಷಕರು ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದುಂಟು. ಆದರೆ ರಾಜ್ಯ ಸರ್ಕಾರಿ ಕಚೇರಿಗಳಿಗೆ 2020ರ ಫೆಬ್ರುವರಿ 29ರಿಂದ ಐದು ದಿನಗಳ ವಾರವಿದೆ. ಜೂನ್ 24ರಿಂದ ಎಣಿಸಿದರೆ ಆ ವಾರದಲ್ಲಿ ನಾಲ್ಕು ದಿನ, ಮುಂದಿನ ವಾರದಲ್ಲಿ ಮೂರು ದಿನ ಸೇರಿ ಏಳನೆಯ ಕೆಲಸದ ದಿನವು ಜುಲೈ 2, ಬುಧವಾರ ಬರುತ್ತದೆ. ಆದ್ದರಿಂದ ನೆನಪಿನ ದಿನವು ಜುಲೈ 3, ಗುರುವಾರ. ಏಳು ಕೆಲಸದ ದಿನವೆಂದರೆ ಇಲ್ಲಿ ಪಂಚಾಂಗದ ಹತ್ತು ದಿನವಾಯಿತು.

ಎರಡನೆಯ ಅಳತೆ, ಕೆಲಸ ಕೆಡುವ ದಿನ. ಪರೀಕ್ಷಾ ಅರ್ಜಿ, ವಿದ್ಯಾರ್ಥಿವೇತನ ಮೊದಲಾದವುಗಳಿಗೆ ಕೊನೆಯ ದಿನಾಂಕವಿರುತ್ತದೆ. ಅಂಥ ಪತ್ರಗಳಲ್ಲಿ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ, ಕನಿಷ್ಠ ಎರಡು ಸ್ಮರಣಪತ್ರಗಳಿಗೆ ಅವಕಾಶ ಉಳಿಯುವಂತೆ ದಿನವನ್ನು ಗೊತ್ತುಮಾಡಬೇಕು. ಎರಡು ಅಳತೆಗಳು ಹೊಂದದಿದ್ದರೆ ಮೊದಲು ಬರುವ ದಿನವನ್ನೇ ಆರಿಸಬೇಕು.

ಜಿಮೇಲ್‌ನಲ್ಲಿ ನೆನಪು ಇಡುವ ಹಂತಗಳು

ಜಿಮೇಲ್‌ನಲ್ಲಿ Snooze ಎಂಬ ಸೌಲಭ್ಯವಿದೆ. ಬಂದ ಪತ್ರವನ್ನು ಮುಂದಕ್ಕೆ ಹಾಕಲು ಅನೇಕರು ಇದನ್ನು ಬಳಸುತ್ತಾರೆ. ಕಳುಹಿಸಿದ ಪತ್ರಕ್ಕೂ ಇದು ಅನ್ವಯಿಸುತ್ತದೆ.

1. ಪತ್ರವನ್ನು ಕಳುಹಿಸಿದ ಕೂಡಲೇ ಎಡಬದಿಯ Sent ಅನ್ನು ತೆರೆದು ಆ ಪತ್ರವನ್ನು ಒತ್ತಬೇಕು.
2. ಪತ್ರದ ಮೇಲಿನ ಸಾಲಿನಲ್ಲಿರುವ ಗಡಿಯಾರದ ಚಿಹ್ನೆಯನ್ನು ಒತ್ತಬೇಕು. ಮೊಬೈಲಿನಲ್ಲಾದರೆ ಮೂರು ಚುಕ್ಕೆಗಳನ್ನು ಒತ್ತಿ Snooze ಆರಿಸಬೇಕು.
3. Pick date & time ಎಂಬಲ್ಲಿ ಜುಲೈ 3 ಎಂದೂ, ಕಚೇರಿ ತೆರೆದಿರುವ ಹಾಗೂ ಶಾಲೆಯಲ್ಲಿ ಬಿಡುವಿರುವ ಒಂದು ವೇಳೆಯನ್ನೂ ಗೊತ್ತುಮಾಡಿ Save ಒತ್ತಬೇಕು.
4. ಎಡಬದಿಯ Snoozed ಕಡತವನ್ನು ತೆರೆದು ಪತ್ರವು ಅಲ್ಲಿ ಸೇರಿದೆಯೇ ಎಂದು ನೋಡಬೇಕು.

ಈ Snoozed ಕಡತವೇ ಹಳೆಯ ಪ್ರತೀಕ್ಷಾಧೀನ ಗಂಟು. ಗೊತ್ತುಪಡಿಸಿದ ದಿನ ಪತ್ರವು Inbox ನ ತಲೆಗೆ ಬಂದು ನಿಲ್ಲುತ್ತದೆ. ನಡುವೆ ಉತ್ತರ ಬಂದರೆ ಆ ಉತ್ತರದೊಡನೆ ಮೊದಲಿನ ಪತ್ರವೂ Inbox ಗೆ ಬರುತ್ತದೆ.

ಜಿಮೇಲ್ ತಾನಾಗಿಯೇ ಕೆಲವೊಮ್ಮೆ ಹಳೆಯ ಪತ್ರವೊಂದನ್ನು ಮೇಲಕ್ಕೆ ತಂದು, ಕಳುಹಿಸಿ ಇಷ್ಟು ದಿನವಾಯಿತು, ಮತ್ತೆ ಕೇಳುವಿರಾ ಎಂಬರ್ಥದ ಸಾಲನ್ನು ತೋರಿಸುವುದುಂಟು. ಇದರ ಹೆಸರು Nudges. Settings ನ General ಭಾಗದಲ್ಲಿ Suggest emails to follow up on ಎಂಬ ಆಯ್ಕೆಯಾಗಿ ಇದು ಇರುತ್ತದೆ. ಇದನ್ನು ಚಾಲೂ ಇಡುವುದರಿಂದ ಹಾನಿಯಿಲ್ಲ, ಆದರೆ ಇದನ್ನೇ ನಂಬಿ ಕೂರಬಾರದು. ಯಾವ ಪತ್ರವನ್ನು, ಎಷ್ಟು ದಿನಗಳ ನಂತರ ಎತ್ತಿ ತೋರಿಸಬೇಕೆಂಬುದನ್ನು ಇಲ್ಲಿ ಯಂತ್ರವೇ ನಿರ್ಧರಿಸುತ್ತದೆ.

ಕಂಪ್ಯೂಟರಿನಲ್ಲಿ ಔಟ್‌ಲುಕ್ ಬಳಸುವ ಶಾಲೆಗಳಲ್ಲಿ ಪತ್ರ ಬರೆಯುವಾಗಲೇ Follow Up ಒತ್ತಿ Add Reminder ಮೂಲಕ ದಿನವನ್ನು ಕೊಡಬಹುದು. ಒಂದು ವ್ಯತ್ಯಾಸವಿದೆ: ಉತ್ತರ ಬಂದಿದ್ದರೂ ಆ ಗಂಟೆ ಬಾರಿಸಿಯೇ ತೀರುತ್ತದೆ. ಉತ್ತರ ಬಂದ ದಿನವೇ ಆ ಗುರುತನ್ನು ತೆಗೆದುಹಾಕುವ ರೂಢಿ ಬೇಕು.

ನೆನಪಿನ ದಿನ ಮಾಡಬೇಕಾದದ್ದು

ಜುಲೈ 3ರಂದು ಪತ್ರವು ಮರಳಿ ಎದುರಿಗೆ ಬರುತ್ತದೆ. ಕೂಡಲೇ ಸ್ಮರಣಪತ್ರ ಬರೆಯುವುದು ಸರಿಯಲ್ಲ. ಮೊದಲು ಮೂರು ಕಡೆ ನೋಡಬೇಕು. Spam ಕಡತದಲ್ಲಿ ಉತ್ತರ ಬಿದ್ದಿದೆಯೇ? ಮೂಲ ಪತ್ರಕ್ಕೆ ಉತ್ತರಿಸದೆ ಬೇರೆ ವಿಷಯದ ಹೆಸರಿನಲ್ಲಿ ಹೊಸ ಪತ್ರ ಬಂದಿದೆಯೇ? ಕೇಂದ್ರಪ್ರಮುಖರು ದೂರವಾಣಿಯಲ್ಲಿಯೋ ವಾಟ್ಸಾಪ್‌ನಲ್ಲಿಯೋ ಏನಾದರೂ ತಿಳಿಸಿದ್ದಾರೆಯೇ? ಈ ಮೂರನ್ನೂ ಯಂತ್ರವು ಅರಿಯದು.

ಎಲ್ಲಿಯೂ ಉತ್ತರವಿಲ್ಲವೆಂದಾದರೆ, ಕಳುಹಿಸಿದ ಆ ಪತ್ರದ ಕೆಳಗೇ Reply ಒತ್ತಿ ಸ್ಮರಣಪತ್ರವನ್ನು ಬರೆಯಬೇಕು. ಆಗ ಅದು ಮೊದಲಿನ ವಿಳಾಸಕ್ಕೇ ಹೋಗುತ್ತದೆ. ಹಳೆಯ ಪತ್ರ ಮತ್ತು ಅದರ ದಿನಾಂಕ ಅಡಿಯಲ್ಲಿ ಉಳಿಯುತ್ತವೆ. ಹೊಸ ಪತ್ರವನ್ನು ಬೇರೆಯಾಗಿ ಬರೆದರೆ ಓದುವ ಗುಮಾಸ್ತರಿಗೆ ಅದು ಹೊಸ ಬೇಡಿಕೆಯಂತೆ ತೋರಬಹುದು. ಜಾವಕ ಕ್ರಮಾಂಕ, ಮೊದಲ ಪತ್ರದ ದಿನಾಂಕ, ‘ಸ್ಮರಣಪತ್ರ 1’ ಎಂಬ ಮಾತು ಮೊದಲ ಸಾಲಿನಲ್ಲಿರಲಿ. ‘ಪುಸ್ತಕ ಕೊಡಿ’ ಎಂದು ಹಿಂದಿನದನ್ನೇ ಮತ್ತೆ ಬರೆಯುವುದಕ್ಕಿಂತ ಉತ್ತರಿಸಲು ಸುಲಭವಾದ ಒಂದು ಪ್ರಶ್ನೆಯನ್ನು ಕೇಳುವುದು ಮೇಲು. ಉದಾಹರಣೆಗೆ: ‘ಪಟದಲ್ಲಿ 34, ಬಂದದ್ದು 28, ಬೇಕಾದದ್ದು 6. ತಾಲೂಕಿನ ಬೇರೆ ಯಾವ ಕನ್ನಡ ಶಾಲೆಯಲ್ಲಿ ಹೆಚ್ಚುವರಿ ಪ್ರತಿಗಳಿವೆ ಎಂದು ತಿಳಿಸಿದರೆ ಶಾಲೆಯಿಂದಲೇ ಹೋಗಿ ತರಲಾಗುವುದು.’

ಇದನ್ನು ಕಳುಹಿಸಿದ ಬಳಿಕ ಹೊಸ ನೆನಪನ್ನು ಮತ್ತೆ ಇಡಬೇಕು, ಹಳೆಯದು ತೀರಿಹೋಗಿರುತ್ತದೆ. ಎರಡನೆಯ ಬಾರಿಗೆ ಐದು ಕೆಲಸದ ದಿನ ಸಾಕು. ಲೆಕ್ಕಕ್ಕೆ ಐದನೆಯ ದಿನ ಜುಲೈ 10 ಬರುತ್ತದೆ. ಆದರೆ ಆಷಾಢ ಏಕಾದಶಿಯು ಆಸುಪಾಸಿನಲ್ಲಿದ್ದರೆ, ಪಂಢರಪುರದ ವಾರಿಯ ವ್ಯವಸ್ಥೆಯಲ್ಲಿ ಸೋಲಾಪುರ ಜಿಲ್ಲೆಯ ಆಡಳಿತವು ತೊಡಗಿರುತ್ತದೆ. ಅಂಥ ವರ್ಷ ನೆನಪನ್ನು ಜುಲೈ 14, ಸೋಮವಾರಕ್ಕೆ ಸರಿಸುವುದು ವಿವೇಕ.

ಉತ್ತರ ಬಂದರೂ ಕೆಲಸ ಮುಗಿಯದಿದ್ದಾಗ

ಈ ವ್ಯವಸ್ಥೆಯು ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. ಜುಲೈ 8ರಂದು ‘ತಮ್ಮ ಬೇಡಿಕೆಯನ್ನು ಮುಂದಿನ ಕ್ರಮಕ್ಕಾಗಿ ಜಿಲ್ಲಾ ಪರಿಷತ್ತಿಗೆ ಕಳುಹಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ ಎನ್ನೋಣ. ಪತ್ರವು Inbox ಗೆ ಬರುತ್ತದೆ. ಮುಖ್ಯಾಧ್ಯಾಪಕರು ಅದನ್ನು ಓದಿ ಮುಚ್ಚಿದರೆ ಜುಲೈ 14ರ ನೆನಪನ್ನು ಇನ್ನು ನೆಚ್ಚುವಂತಿಲ್ಲ. ಉತ್ತರ ಬಂದಿದೆ, ಪುಸ್ತಕ ಬಂದಿಲ್ಲ. ಯಂತ್ರವು ಕಾಯುವುದು ಉತ್ತರಕ್ಕಾಗಿ. ಶಾಲೆಯು ಕಾಯುವುದು ಪುಸ್ತಕಕ್ಕಾಗಿ. ಆದ್ದರಿಂದ ಅಪೂರ್ಣ ಉತ್ತರ ಬಂದ ದಿನವೇ ಅದೇ ಪತ್ರಕ್ಕೆ ಇನ್ನೊಂದು ದಿನವನ್ನು ಗೊತ್ತುಮಾಡಬೇಕು.

ಇಂಥದೇ ಇನ್ನೆರಡು ಸುಳ್ಳು ಉತ್ತರಗಳಿವೆ. ಒಂದು, ‘ಪತ್ರ ತಲುಪಿದೆ’ ಎಂದು ತಾನಾಗಿ ಬರುವ ಸ್ವೀಕೃತಿ. ಇನ್ನೊಂದು, Mail Delivery Subsystem ಎಂಬ ಹೆಸರಿನಿಂದ ಬರುವ ಸೂಚನೆ. ಅದರಲ್ಲಿ Address not found ಎಂದಿದ್ದರೆ ವಿಳಾಸವು ತಪ್ಪಾಗಿದೆ ಅಥವಾ ಬದಲಾಗಿದೆ, ಪತ್ರವು ಹೋಗಿಯೇ ಇಲ್ಲ. ಪೆಟ್ಟಿಗೆ ತುಂಬಿದೆ ಎಂಬರ್ಥದ ಸೂಚನೆಯಿದ್ದರೆ ವಿಳಾಸ ಸರಿ, ಆದರೆ ಪತ್ರಕ್ಕೆ ಅಲ್ಲಿ ಜಾಗವಿಲ್ಲ. ಎರಡೂ ಸಂದರ್ಭಗಳಲ್ಲಿ ಸ್ಮರಣಪತ್ರ ಕಳುಹಿಸಿ ಪ್ರಯೋಜನವಿಲ್ಲ; ಕಚೇರಿಗೆ ದೂರವಾಣಿ ಮಾಡಿ ಚಾಲ್ತಿಯಲ್ಲಿರುವ ವಿಳಾಸವನ್ನು ಪಡೆದು ಮೂಲ ಪತ್ರವನ್ನೇ ಮತ್ತೆ ಕಳುಹಿಸಬೇಕು, ದಿನಗಳನ್ನು ಅಂದಿನಿಂದ ಎಣಿಸಬೇಕು.

ತಿಂಗಳಿಗೊಮ್ಮೆ ಹುಡುಕುವುದು

ನೆನಪು ಇಡಲು ಮರೆತ ಪತ್ರಗಳಿಗಾಗಿ ತಿಂಗಳ ಕೊನೆಯಲ್ಲಿ ಹುಡುಕು ಪಟ್ಟಿಯಲ್ಲಿ ಈ ಸಾಲನ್ನು ಬರೆಯಬಹುದು:

```
in:sent older_than:10d newer_than:40d
```

ಹತ್ತು ದಿನಗಳಿಗಿಂತ ಹಳೆಯದಾದ, ನಲವತ್ತು ದಿನಗಳ ಒಳಗಿನ, ಶಾಲೆಯಿಂದ ಹೋದ ಪತ್ರಗಳು ಇದರಿಂದ ಸಿಗುತ್ತವೆ. ಉತ್ತರ ಬಾರದವನ್ನು ಮಾತ್ರ ಬೇರ್ಪಡಿಸುವ ಪದ ಜಿಮೇಲ್‌ನ ಹುಡುಕಾಟದಲ್ಲಿಲ್ಲ. ಜಾವಕ ವಹಿಯನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣಿನಿಂದಲೇ ಹೋಲಿಸಬೇಕು.

ಮುಖ್ಯಾಧ್ಯಾಪಕರು ವರ್ಗವಾಗುವಾಗ ಶಾಲೆಯ ಇ-ಮೇಲ್ ಖಾತೆಯನ್ನು ಹಸ್ತಾಂತರಿಸುವುದರ ಜೊತೆಗೆ Snoozed ಕಡತದಲ್ಲಿರುವ ಪತ್ರಗಳ ಪಟ್ಟಿಯನ್ನೂ ಪ್ರಭಾರ ಪಟ್ಟಿಯಲ್ಲಿ ಸೇರಿಸಬೇಕು. ಸ್ವಂತ ಖಾತೆಯಿಂದ ಪತ್ರ ಕಳುಹಿಸಿದ್ದರೆ ಆ ನೆನಪುಗಳು ಅವರೊಡನೆಯೇ ಹೊರಟುಹೋಗುತ್ತವೆ. ಬಳಿಕ ಬಂದವರಿಗೆ ಆ ಆರು ಪುಸ್ತಕಗಳನ್ನು ಎಂದು ಕೇಳಲಾಗಿತ್ತು ಎಂಬುದೇ ತಿಳಿಯುವುದಿಲ್ಲ.